ಇತ್ಯಾದಿ, ಮುಂತಾದ, ಮೊದಲಾದ: ಕರಡು ತಿದ್ದುವವರ ಪದೇ ಪದೇ ಕೇಳುವ ಪ್ರಶ್ನೆಗಳು

ಪಟ್ಟಿಯೊಂದನ್ನು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಒಂದು ಸಾಮಾನ್ಯ ಪದಕ್ಕೆ ವಹಿಸಿಬಿಡುವ ರೂಢಿ ಕನ್ನಡ ಬರವಣಿಗೆಯಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಪಠ್ಯಪುಸ್ತಕ, ಪತ್ರಿಕೆ, ಕರಾರು ಪತ್ರ ಮತ್ತು ಅನುವಾದಗಳ ಕರಡು ತಿದ್ದುವವರಿಗೆ ಈ ವಿಷಯದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪಟ್ಟಿಯ ಕೊನೆಯಲ್ಲಿ ‘ಮುಂತಾದ’ ಕಂಡ ಕೂಡಲೇ ಅದನ್ನು ಹೊಡೆದುಹಾಕಬೇಕೆ?

ಬೇಡ. ‘ಮುಂತಾದ’ ಎನ್ನುವುದು ತಪ್ಪೂ ಅಲ್ಲ, ಸೋಮಾರಿತನದ ಗುರುತೂ ಅಲ್ಲ. ಪಟ್ಟಿಯ ಮುಂದಿನ ಹೆಸರನ್ನು ಓದುಗರು ತಾವಾಗಿಯೇ ಹೇಳಬಲ್ಲರೆಂಬ ನಂಬಿಕೆಯಿಂದ ಲೇಖಕರು ಆ ಪದವನ್ನು ಬಳಸಿರುತ್ತಾರೆ. ಆ ನಂಬಿಕೆ ಸರಿಯೇ ಎಂದು ನೋಡುವುದು ಕರಡು ತಿದ್ದುವವರ ಕೆಲಸ. ‘ರಾಗಿ, ನವಣೆ, ಸಾಮೆ ಮುಂತಾದ ಸಿರಿಧಾನ್ಯಗಳು’ ಎಂದಿದ್ದರೆ ಹಾರಕ, ಬರಗು, ಊದಲು ಎಂದು ಓದುಗರ ಮನಸ್ಸು ತಾನೇ ಮುಂದುವರಿಯುತ್ತದೆ. ‘ಬೆಲೆ ಏರಿಕೆ, ಮಳೆ, ಗ್ರಾಮಸಭೆ ಮುಂತಾದ ವಿಷಯಗಳು’ ಎಂದಿದ್ದರೆ ಮುಂದೆ ಏನು ಬರಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ‘ವಿಷಯಗಳು’ ಎಂಬ ಪದ ಯಾವ ವರ್ಗವನ್ನೂ ಸೂಚಿಸುವುದಿಲ್ಲ.

ಆದ್ದರಿಂದ ಮೊದಲು ಗಮನಿಸಬೇಕಾದದ್ದು ‘ಮುಂತಾದ’ ಎಂಬುದರ ನಂತರ ಬರುವ ನಾಮಪದವನ್ನು. ಪಟ್ಟಿಗೆ ಎಲ್ಲೆ ಹಾಕುವುದು ಆ ನಾಮಪದವೇ. ಅದು ಸ್ಪಷ್ಟವಾಗಿದ್ದರೆ ಪಟ್ಟಿಯೊಳಗೆ ತಪ್ಪಾಗಿ ನುಸುಳಿದ ಹೆಸರೂ ಬೇಗ ಕಣ್ಣಿಗೆ ಬೀಳುತ್ತದೆ: ‘ರಾಗಿ, ನವಣೆ, ತೊಗರಿ ಮುಂತಾದ ಸಿರಿಧಾನ್ಯಗಳು’ ಎಂಬಲ್ಲಿ ತೊಗರಿ ಬೇಳೆಕಾಳಾಗಿರುವುದರಿಂದ ಅದು ಅಲ್ಲಿ ನಿಲ್ಲುವುದಿಲ್ಲ. ಇದೇ ಪಟ್ಟಿಯ ಕೊನೆಯಲ್ಲಿ ‘ಬೆಳೆಗಳು’ ಎಂದಿದ್ದರೆ ಆ ತಪ್ಪು ತಪ್ಪೇ ಆಗುತ್ತಿರಲಿಲ್ಲ.

‘ಮುಂತಾದ’, ‘ಮೊದಲಾದ’, ‘ಇತ್ಯಾದಿ’ ಇವುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಹುದೆ?

ಅರ್ಥದ ಮಟ್ಟಿಗೆ ಹಾಕಬಹುದು, ವಾಕ್ಯರಚನೆಯ ಮಟ್ಟಿಗೆ ಎಲ್ಲ ಕಡೆಯೂ ಆಗುವುದಿಲ್ಲ. ‘ಮುಂತಾದ’ ಮತ್ತು ‘ಮೊದಲಾದ’ ಎರಡೂ ವಿಶೇಷಣದ ಹಾಗೆ ನಡೆಯುವ ರೂಪಗಳಾದ್ದರಿಂದ ಅವುಗಳ ಮುಂದೆ ನಾಮಪದವೊಂದು ಬರಲೇಬೇಕು. ಇಲ್ಲದಿದ್ದರೆ ಅವೇ ‘ಮುಂತಾದವು’, ‘ಮೊದಲಾದವರು’ ಎಂದು ನಾಮಪದಗಳಾಗಬೇಕು. ‘ಅಂಗಡಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ ಮುಂತಾದ ಸಿಗುತ್ತವೆ’ ಎಂಬ ವಾಕ್ಯ ಯಾರ ಬಾಯಲ್ಲೂ ಬರುವುದಿಲ್ಲವಾದರೂ, ಲೇಖಕರು ನಡುವಿನ ‘ದಿನಸಿ ಪದಾರ್ಥಗಳು’ ಎಂಬುದನ್ನು ಅಳಿಸಿ ಹಿಂದಿನ ಪದವನ್ನು ಹಾಗೆಯೇ ಬಿಟ್ಟಾಗ ಇಂಥವು ಕರಡಿನಲ್ಲಿ ಉಳಿದುಬಿಡುತ್ತವೆ. ‘ಇತ್ಯಾದಿ’ ಮಾತ್ರ ಒಂಟಿಯಾಗಿ ನಿಲ್ಲಬಲ್ಲದು: ‘ಅಕ್ಕಿ, ಬೇಳೆ, ಬೆಲ್ಲ ಇತ್ಯಾದಿ ಸಿಗುತ್ತವೆ.’

ವಿಭಕ್ತಿಯ ವಿಷಯದಲ್ಲೂ ಎಚ್ಚರ ಬೇಕು. ಕನ್ನಡದ ಪಟ್ಟಿಯಲ್ಲಿ ಪ್ರತ್ಯಯವು ಕೊನೆಯ ಪದಕ್ಕೆ ಒಮ್ಮೆ ಹತ್ತಿದರೆ ಸಾಕು, ಅದು ಇಡೀ ಪಟ್ಟಿಗೆ ಸಲ್ಲುತ್ತದೆ. ‘ಅಕ್ಕಿಯನ್ನು, ಬೇಳೆಯನ್ನು, ಬೆಲ್ಲ ಮುಂತಾದವನ್ನು ಕೊಂಡರು’ ಎಂದು ಅರ್ಧ ಪಟ್ಟಿಗೆ ಪ್ರತ್ಯಯ ಹಚ್ಚಿ ಉಳಿದರ್ಧವನ್ನು ಬಿಟ್ಟರೆ ವಾಕ್ಯ ಕುಂಟುತ್ತದೆ. ‘ಅಕ್ಕಿ, ಬೇಳೆ, ಬೆಲ್ಲ ಮುಂತಾದವನ್ನು ಕೊಂಡರು’ ಎಂದು ಸಮಮಾಡಬೇಕು. ‘ಮುಂತಾದವನ್ನು’ ಮತ್ತು ‘ಮುಂತಾದವುಗಳನ್ನು’ ಎರಡೂ ಬಳಕೆಯಲ್ಲಿರುವುದರಿಂದ ಲೇಖಕರು ಬರೆದದ್ದನ್ನೇ ಉಳಿಸಿ, ಒಂದು ಪುಸ್ತಕದಲ್ಲಿ ಒಂದೇ ರೂಪವಿರುವಂತೆ ನೋಡಿಕೊಂಡರೆ ಸಾಕು.

ಮನುಷ್ಯರ ಪಟ್ಟಿಗೆ ಯಾವುದು ಸರಿ?

‘ಮುಂತಾದವರು’, ‘ಮೊದಲಾದವರು’, ‘ಮತ್ತಿತರರು’. ಶಿಕ್ಷಕರು, ಪೋಷಕರು, ವಿದ್ಯಾರ್ಥಿಗಳು ಎಂದು ಬರೆದು ‘ಮುಂತಾದವುಗಳು’ ಎಂದು ಮುಗಿಸುವುದು ವ್ಯಾಕರಣದೋಷ ಮಾತ್ರವಲ್ಲ, ಅದರಲ್ಲಿ ಅಗೌರವವೂ ಕಾಣುತ್ತದೆ. ಜನರ ಹೆಸರುಗಳ ನಂತರ ಬರಿಯ ‘ಇತ್ಯಾದಿ’ ಬಂದರೂ ಅದೇ ಕಿರಿಕಿರಿ.

ಪಟ್ಟಿಯಲ್ಲಿ ಜನರೂ ಸಂಸ್ಥೆಗಳೂ ಬೆರೆತಿದ್ದಾಗ ತೊಡಕು ಹೆಚ್ಚು. ‘ಗ್ರಾಮ ಪಂಚಾಯಿತಿ, ರೈತರು, ಸಹಕಾರ ಸಂಘ ಮುಂತಾದವರು’ ಎಂದರೆ ಸಂಘವು ಮನುಷ್ಯನಾಗುತ್ತದೆ, ‘ಮುಂತಾದವು’ ಎಂದರೆ ರೈತರು ವಸ್ತುಗಳಾಗುತ್ತಾರೆ. ಇಲ್ಲಿ ಕೊನೆಯ ಪದವನ್ನು ತಿದ್ದಿ ಪ್ರಯೋಜನವಿಲ್ಲ, ಪಟ್ಟಿಯನ್ನೇ ಒಡೆಯಬೇಕು: ‘ರೈತರು ಹಾಗೂ ಗ್ರಾಮ ಪಂಚಾಯಿತಿ, ಸಹಕಾರ ಸಂಘ ಮುಂತಾದ ಸಂಸ್ಥೆಗಳು’.

‘ಮತ್ತು ಇತ್ಯಾದಿ’, ‘ಇತ್ಯಾದಿ ಮುಂತಾದ’, ‘ಉದಾಹರಣೆಗೆ… ಮುಂತಾದವು’ ಇವುಗಳನ್ನು ತಿದ್ದಬಹುದೆ?

ಲೇಖಕರನ್ನು ಕೇಳದೆಯೇ ತಿದ್ದಬಹುದಾದ ಕೆಲವೇ ತಪ್ಪುಗಳಲ್ಲಿ ಇವು ಸೇರುತ್ತವೆ, ಏಕೆಂದರೆ ಇಲ್ಲಿ ಅರ್ಥ ಬದಲಾಗುವುದಿಲ್ಲ. ‘ಮತ್ತು’ ಎಂಬುದು ಮುಂದಿನ ಹೆಸರೇ ಕೊನೆಯದು ಎಂದು ಹೇಳಿ ಪಟ್ಟಿಯನ್ನು ಮುಚ್ಚುತ್ತದೆ, ‘ಇತ್ಯಾದಿ’ ಪಟ್ಟಿ ಇನ್ನೂ ಇದೆ ಎಂದು ತೆರೆಯುತ್ತದೆ, ಒಂದನ್ನು ಬಿಡಲೇಬೇಕು. ‘ಅಕ್ಕಿ, ಬೇಳೆ ಮತ್ತು ಬೆಲ್ಲ ಮುಂತಾದ ದಿನಸಿ’ ಎಂಬಲ್ಲಿಯೂ ‘ಮತ್ತು’ವಿನ ಬದಲು ಅಲ್ಪವಿರಾಮ ಹಾಕುವುದು ಲೇಸು. ‘ಉದಾಹರಣೆಗೆ’ ಎಂದು ಆರಂಭಿಸಿದ ಮೇಲೆ ಕೊಟ್ಟಿರುವುದು ಕೆಲವೇ ಎಂಬುದು ತಿಳಿದೇ ಇರುವುದರಿಂದ ಕೊನೆಯಲ್ಲಿ ಮತ್ತೆ ‘ಮುಂತಾದವು’ ಬೇಕಿಲ್ಲ.

ಇಡೀ ಪುಸ್ತಕದಲ್ಲಿ ‘ಮತ್ತು ಇತ್ಯಾದಿ’, ‘ಹಾಗೂ ಮುಂತಾದ’ ಎಂಬಂಥ ಜೋಡಿಗಳನ್ನು ಹುಡುಕಲು, ರೆಗ್ಯುಲರ್ ಎಕ್ಸ್‌ಪ್ರೆಶನ್ ಒಪ್ಪುವ ಯಾವುದೇ ತಂತ್ರಾಂಶದ ಹುಡುಕುಪೆಟ್ಟಿಗೆಯಲ್ಲಿ ಈ ಸಾಲನ್ನು ಹಾಕಬಹುದು:

```
(ಮತ್ತು|ಹಾಗೂ),?\s*(ಇತ್ಯಾದಿ|ಮುಂತಾದ|ಮೊದಲಾದ)
```

‘ಮುಂತಾದವರಿಗೆ’, ‘ಮೊದಲಾದವುಗಳಿಂದ’ ಎಂಬ ವಿಭಕ್ತಿರೂಪಗಳೂ ಇದರಲ್ಲಿ ಸಿಕ್ಕುತ್ತವೆ. ಆದರೆ ಸಿಕ್ಕಿದ್ದನ್ನೆಲ್ಲ ಒಂದೇ ಏಟಿಗೆ ಬದಲಾಯಿಸಬಾರದು. ‘ಮತ್ತು’ ತೆಗೆದಲ್ಲಿ ಕೆಲವೊಮ್ಮೆ ಅಲ್ಪವಿರಾಮ ಬೇಕಾಗುತ್ತದೆ, ಕೆಲವೊಮ್ಮೆ ಇಡೀ ಪಟ್ಟಿಯೇ ಮುಚ್ಚಿದ ಪಟ್ಟಿಯಾಗಿದ್ದು ತೆಗೆಯಬೇಕಾದದ್ದು ‘ಮುಂತಾದ’ ಎಂಬ ಪದವಾಗಿರುತ್ತದೆ.

‘ಮತ್ತು ಇತರ’ ಎಂಬುದರಲ್ಲಿ ತಪ್ಪೇನಿದೆ?

‘ಮತ್ತು’ ಹಾಗೂ ‘ಇತರ’ ಒಟ್ಟಿಗೆ ಬರುವುದರಲ್ಲಿ ತಪ್ಪಿಲ್ಲ. ಅಪಾಯವಿರುವುದು ‘ಇತರ’ ಎಂಬುದರ ಅರ್ಥದಲ್ಲಿ. ಅದರ ಮುಂದಿನ ನಾಮಪದ ಯಾವ ವರ್ಗವನ್ನು ಹೇಳುತ್ತದೆಯೋ, ಹಿಂದೆ ಹೆಸರಿಸಿದವರೆಲ್ಲ ಆ ವರ್ಗಕ್ಕೇ ಸೇರಿದವರೆಂದು ಅದು ಹೇಳಿಬಿಡುತ್ತದೆ. ‘ಸಭೆಯಲ್ಲಿ ಶಾಸಕರು, ರೈತ ಮುಖಂಡರು ಹಾಗೂ ಇತರ ಅಧಿಕಾರಿಗಳು ಪಾಲ್ಗೊಂಡಿದ್ದರು’ ಎಂಬ ವಾಕ್ಯವನ್ನು ನಾವೆಲ್ಲರೂ ಓದಿರುತ್ತೇವೆ. ಅದರ ಪ್ರಕಾರ ಶಾಸಕರೂ ಅಧಿಕಾರಿಗಳು, ರೈತ ಮುಖಂಡರೂ ಅಧಿಕಾರಿಗಳು. ‘ಇತರ’ ಎಂಬುದನ್ನು ತೆಗೆದು ‘ಶಾಸಕರು, ರೈತ ಮುಖಂಡರು ಹಾಗೂ ಅಧಿಕಾರಿಗಳು’ ಎಂದರೆ ಸರಿಯಾಗುತ್ತದೆ. ಅಧಿಕಾರಿಗಳಲ್ಲಿ ಒಬ್ಬರನ್ನು ಹೆಸರಿಸಲೇಬೇಕೆಂದಿದ್ದರೆ ‘ಶಾಸಕರು, ರೈತ ಮುಖಂಡರು, ತಹಶೀಲ್ದಾರ್ ಹಾಗೂ ಇತರ ಅಧಿಕಾರಿಗಳು’ ಎಂಬುದನ್ನೂ ಹಾಗೆಯೇ ಬಿಡದೆ, ‘ಶಾಸಕರು ಮತ್ತು ರೈತ ಮುಖಂಡರಲ್ಲದೆ ತಹಶೀಲ್ದಾರ್ ಹಾಗೂ ಇತರ ಅಧಿಕಾರಿಗಳೂ ಇದ್ದರು’ ಎಂದು ಗುಂಪುಗಳನ್ನು ಬೇರ್ಪಡಿಸಬೇಕು.

‘ಇತರೆ’ ಎಂಬ ರೂಪ ಅರ್ಜಿ ನಮೂನೆಗಳಲ್ಲಿಯೂ ಸುತ್ತೋಲೆಗಳಲ್ಲಿಯೂ ಬೇರೂರಿಬಿಟ್ಟಿದೆ. ಗದ್ಯದಲ್ಲಿ ‘ಇತರ’ ಎಂದು ತಿದ್ದುವುದು ನನ್ನ ಆಯ್ಕೆ. ನಮೂನೆಯ ಅಂಕಣದ ಹೆಸರನ್ನು ಇದ್ದಂತೆ ಉಲ್ಲೇಖಿಸುವಾಗ ಮುಟ್ಟುವುದಿಲ್ಲ.

ಪಟ್ಟಿ ಪೂರ್ಣವಾಗಿರಬೇಕಾದಲ್ಲಿ ‘ಮುಂತಾದ’ ಬಂದರೆ ಏನಾಗುತ್ತದೆ?

ವಾಕ್ಯ ಸುಳ್ಳಾಗುತ್ತದೆ. ಈ ತಪ್ಪು ವ್ಯಾಕರಣದ ತಪ್ಪಿನ ಹಾಗೆ ಮೇಲೆ ಕಾಣುವುದಿಲ್ಲವಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಯೊಂದರಲ್ಲಿ ಈ ವಾಕ್ಯ ಬಂದಿದೆ ಎಂದಿಟ್ಟುಕೊಳ್ಳೋಣ:

‘ಸಂವಿಧಾನದ 15ನೇ ವಿಧಿಯು ಧರ್ಮ, ಜಾತಿ, ಭಾಷೆ ಮತ್ತು ಇತ್ಯಾದಿ ಮುಂತಾದ ಕಾರಣಗಳಿಗಾಗಿ ರಾಜ್ಯವು ನಾಗರಿಕರ ನಡುವೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ.’

ಮೊದಲ ಓದಿನಲ್ಲಿ ಕಣ್ಣಿಗೆ ಹೊಡೆಯುವುದು ‘ಮತ್ತು ಇತ್ಯಾದಿ ಮುಂತಾದ’ ಎಂಬ ಮೂರು ಪದಗಳ ಗೊಂಚಲು. ಎರಡನ್ನು ತೆಗೆದು ‘ಧರ್ಮ, ಜಾತಿ, ಭಾಷೆ ಮುಂತಾದ ಕಾರಣಗಳಿಗಾಗಿ’ ಎಂದು ಮಾಡಿದರೆ ಕನ್ನಡ ಶುದ್ಧವಾಗುತ್ತದೆ, ಎಷ್ಟೋ ಕರಡುಗಳು ಇಲ್ಲಿಗೆ ತೇರ್ಗಡೆಯಾಗಿ ಅಚ್ಚಿಗೂ ಹೋಗುತ್ತವೆ. ಆದರೆ 15ನೇ ವಿಧಿಯ 1ನೇ ಖಂಡ ಐದು ಆಧಾರಗಳನ್ನು ಹೆಸರಿಸಿ ಅಲ್ಲಿಗೇ ನಿಲ್ಲಿಸಿದೆ: ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ. ಅಲ್ಲಿ ‘ಮುಂತಾದ’ ಎಂಬರ್ಥದ ಪದವೇ ಇಲ್ಲ. ಭಾಷೆಯೂ ಆ ಐದರಲ್ಲಿ ಇಲ್ಲ. ಭಾಷೆ ಬರುವುದು 29ನೇ ವಿಧಿಯ 2ನೇ ಖಂಡದಲ್ಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳ ಪ್ರವೇಶದ ಸಂಬಂಧದಲ್ಲಿ. ಸರ್ಕಾರಿ ಉದ್ಯೋಗದ ಕುರಿತಾದ 16ನೇ ವಿಧಿಯ 2ನೇ ಖಂಡದಲ್ಲಿ ಏಳು ಆಧಾರಗಳಿವೆ; ಮೇಲಿನ ಐದರೊಂದಿಗೆ ವಂಶ ಮತ್ತು ವಾಸಸ್ಥಳ ಸೇರುತ್ತವೆ. ಮೂರು ವಿಧಿಗಳಿಗೆ ಮೂರು ಬೇರೆ ಬೇರೆ ಪಟ್ಟಿಗಳಿವೆ, ಅವುಗಳ ನಡುವಿನ ವ್ಯತ್ಯಾಸವೇ ಪರೀಕ್ಷೆಯಲ್ಲಿ ಪ್ರಶ್ನೆಯಾಗಬಲ್ಲದು. ‘ಮುಂತಾದ’ ಎಂಬ ಪದ ಆ ಮೂರನ್ನೂ ಕಲಸಿ, ತಪ್ಪಾದ ‘ಭಾಷೆ’ಯೂ ಸರಿಯೆಂಬಂತೆ ತೋರಿಸಿತು.

ಇದನ್ನು ಕರಡು ತಿದ್ದುವವರು ತಾವೇ ಬದಲಾಯಿಸಬಾರದು. ಅಂಚಿನಲ್ಲಿ ‘15(1)ರಲ್ಲಿ ಐದೇ ಆಧಾರಗಳು, ಭಾಷೆ ಇಲ್ಲ, 29(2) ನೋಡಿ. ಪೂರ್ಣ ಪಟ್ಟಿ ಕೊಡೋಣವೇ?’ ಎಂದು ಲೇಖಕರಿಗೆ ಬರೆಯಬೇಕು. ಲೇಖಕರು ಒಪ್ಪಿದರೆ ವಾಕ್ಯ ಹೀಗಾಗುತ್ತದೆ: ‘ಸಂವಿಧಾನದ 15ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ ಅಥವಾ ಜನ್ಮಸ್ಥಳದ ಕಾರಣಕ್ಕಾಗಿ ಮಾತ್ರವೇ ರಾಜ್ಯವು ನಾಗರಿಕರ ನಡುವೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ.’ ‘ಮಾತ್ರವೇ’ ಎಂಬುದೂ ಮೂಲದಲ್ಲಿ ಇರುವ ಮಾತು, ಅದನ್ನೂ ಬಿಡಬಾರದು.

ಸಂಖ್ಯೆ ಮತ್ತು ‘ಮುಂತಾದ’ ಒಟ್ಟಿಗೆ ಬಂದಾಗ ಎಣಿಸಿ ನೋಡುವುದು ಇನ್ನೊಂದು ಸುಲಭದ ಪರೀಕ್ಷೆ. ‘ಕುವೆಂಪು, ಬೇಂದ್ರೆ, ಕಾರಂತ ಮುಂತಾದ ಎಂಟು ಮಂದಿ ಕನ್ನಡ ಲೇಖಕರಿಗೆ ಜ್ಞಾನಪೀಠ ಪ್ರಶಸ್ತಿ ಬಂದಿದೆ’ ಎಂಬ ವಾಕ್ಯ ಸರಿಯಾಗಿದೆ, ಏಕೆಂದರೆ ಮೂವರನ್ನು ಹೆಸರಿಸಿ ಐವರನ್ನು ಓದುಗರಿಗೆ ಬಿಡಲಾಗಿದೆ. ಮಾಸ್ತಿ, ಗೋಕಾಕ್, ಅನಂತಮೂರ್ತಿ, ಕಾರ್ನಾಡ್, ಕಂಬಾರ ಎಂದು ಎಲ್ಲರ ಹೆಸರನ್ನೂ ಬರೆದು ಮತ್ತೆ ‘ಮುಂತಾದ ಎಂಟು ಮಂದಿ’ ಎಂದರೆ ಒಂಬತ್ತನೆಯವರು ಯಾರೆಂಬ ಸಂದೇಹ ಹುಟ್ಟುತ್ತದೆ. ಅಲ್ಲಿ ‘ಹೀಗೆ ಎಂಟು ಮಂದಿ’ ಅಥವಾ ‘ಈ ಎಂಟು ಮಂದಿ’ ಎಂದಿರಬೇಕು.

ಕರಾರು ಪತ್ರ, ಟೆಂಡರ್, ನಿಯಮಾವಳಿಗಳಲ್ಲಿ ಅನಗತ್ಯವಾಗಿ ಕಾಣುವ ‘ಮುಂತಾದ’ವನ್ನು ತೆಗೆಯಬಹುದೆ?

ಎಂದಿಗೂ ತೆಗೆಯಬಾರದು, ಇಲ್ಲದ ಕಡೆ ಸೇರಿಸಲೂಬಾರದು. ಇಂಥ ಕಾಗದಗಳಲ್ಲಿ ಪಟ್ಟಿಯ ಕೊನೆಯ ಸಾಮಾನ್ಯ ಪದಕ್ಕೆ ನ್ಯಾಯಾಲಯಗಳು ಅರ್ಥ ಕೊಡುವ ಒಂದು ಹಳೆಯ ಕ್ರಮವಿದೆ. ವಕೀಲರು ಅದನ್ನು ಎಜುಸ್ಡೆಮ್ ಜೆನೆರಿಸ್ ಎಂಬ ಲ್ಯಾಟಿನ್ ಹೆಸರಿನಿಂದ ಕರೆಯುತ್ತಾರೆ. ನಿರ್ದಿಷ್ಟ ಹೆಸರುಗಳು ಸೇರಿ ಒಂದು ವರ್ಗವಾಗುತ್ತಿದ್ದು, ಅವುಗಳ ನಂತರ ಸಾಮಾನ್ಯ ಪದ ಬಂದಿದ್ದರೆ, ಆ ಸಾಮಾನ್ಯ ಪದವನ್ನು ಅದೇ ವರ್ಗಕ್ಕೆ ಸೀಮಿತಗೊಳಿಸಿ ಓದಬೇಕೆಂಬುದು ಅದರ ಸಾರ.

ಹತ್ತಿ ಬಟ್ಟೆಯ ಮೇಲಿನ ಕೇಂದ್ರ ಅಬಕಾರಿ ಸುಂಕದ ಕುರಿತು ಸಿದ್ದೇಶ್ವರಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಇದಕ್ಕೆ ಒಳ್ಳೆಯ ನಿದರ್ಶನ. ಕಾನೂನಿನಲ್ಲಿ ಬಟ್ಟೆಯನ್ನು ಚಲುವೆ ಮಾಡುವುದು, ಬಣ್ಣ ಹಾಕುವುದು, ಅಚ್ಚು ಒತ್ತುವುದು, ನೀರು ಹಿಡಿಯದಂತೆ ಮಾಡುವುದು, ಕುಗ್ಗದಂತೆ ಮಾಡುವುದು ಎಂಬಂಥ ಹೆಸರುಗಳ ನಂತರ ‘ಅಥವಾ ಬೇರೆ ಯಾವುದೇ ಪ್ರಕ್ರಿಯೆ’ ಎಂದಿತ್ತು. ಬಟ್ಟೆಯನ್ನು ಉರುಳೆಗಳ ನಡುವೆ ಹಾಯಿಸಿ ನಯಗೊಳಿಸುವುದೂ ಆ ‘ಬೇರೆ ಯಾವುದೇ ಪ್ರಕ್ರಿಯೆ’ಯಲ್ಲಿ ಸೇರುತ್ತದೆಯೇ ಎಂಬುದು ಪ್ರಶ್ನೆ. ಹೆಸರಿಸಿದ ಪ್ರಕ್ರಿಯೆಗಳೆಲ್ಲ ಬಟ್ಟೆಗೆ ಬಾಳಿಕೆ ಬರುವ ಬದಲಾವಣೆಯನ್ನು ತರುವಂಥವು. ಆದ್ದರಿಂದ ಕೊನೆಯ ಸಾಮಾನ್ಯ ಪದಕ್ಕೂ ಅದೇ ಗುಣವುಳ್ಳ ಪ್ರಕ್ರಿಯೆ ಎಂದೇ ಅರ್ಥ ಮಾಡಬೇಕೆಂದು ನ್ಯಾಯಾಲಯ ಹೇಳಿತು. ಸುಂಕ ಬೀಳುವುದೂ ಬೀಳದಿರುವುದೂ ಪಟ್ಟಿಯ ಕೊನೆಯ ಕೆಲವು ಪದಗಳ ಮೇಲೆ ನಿಂತಿತ್ತು.

ಈಗ ನಮ್ಮ ಮೇಜಿನ ಮೇಲೆ ಬರುವಂಥ ಮಳಿಗೆ ಬಾಡಿಗೆ ಕರಾರಿನ ಒಂದು ಷರತ್ತನ್ನು ನೋಡೋಣ: ‘ಬಾಡಿಗೆದಾರರು ಮಳಿಗೆಯಲ್ಲಿ ಪಟಾಕಿ, ಸೀಮೆಎಣ್ಣೆ, ಅಡುಗೆ ಅನಿಲದ ಸಿಲಿಂಡರ್ ಮುಂತಾದ ವಸ್ತುಗಳನ್ನು ಇಡತಕ್ಕದ್ದಲ್ಲ.’ ಬಾಡಿಗೆದಾರರು ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬಗಳನ್ನು ಇಟ್ಟರೆ ಷರತ್ತು ಮುರಿಯಿತೆಂದು ಮಾಲೀಕರು ಹೇಳಬಹುದು, ಏಕೆಂದರೆ ಹೆಸರಿಸಿದ ಮೂರೂ ಬೇಗ ಬೆಂಕಿ ಹತ್ತುವಂಥವು, ಥಿನ್ನರ್ ಕೂಡ ಹಾಗೆಯೇ. ಅಕ್ಕಿ ಮೂಟೆಗಳನ್ನು ಇಟ್ಟದ್ದಕ್ಕೆ ಅದೇ ಮಾತು ಹೇಳಲಾಗದು. ‘ವಾಕ್ಯ ಬಿಗಿಯಾಗಲಿ’ ಎಂಬ ಸದುದ್ದೇಶದಿಂದ ಕರಡಿನಲ್ಲಿ ‘ಮುಂತಾದ ವಸ್ತುಗಳನ್ನು’ ಎಂಬುದನ್ನು ತೆಗೆದು ‘ಪಟಾಕಿ, ಸೀಮೆಎಣ್ಣೆ ಮತ್ತು ಅಡುಗೆ ಅನಿಲದ ಸಿಲಿಂಡರ್’ ಎಂದು ಮಾಡಿದರೆ, ಥಿನ್ನರ್ ಇಡಲು ಅವಕಾಶ ಕೊಟ್ಟಂತಾಗುತ್ತದೆ. ಇಲ್ಲಿ ಮಾಡಬಹುದಾದದ್ದು ಒಂದೇ, ‘ಮುಂತಾದ ಬೇಗ ಬೆಂಕಿ ಹತ್ತುವ ವಸ್ತುಗಳು’ ಎಂಬ ಅರ್ಥವೇ ಎಂದು ಕರಾರು ಬರೆದವರನ್ನು ಕೇಳುವುದು. ‘ಇವುಗಳಿಗೆ ಸೀಮಿತವಾಗದೆ’ ಎಂಬ ಮಾತು ಕಂಡಾಗಲೂ ಅದು ಭಾರವಾಗಿದೆ ಎಂದು ಕತ್ತರಿಸಬಾರದು. ಪಟ್ಟಿಯ ಎಲ್ಲೆಯನ್ನು ಸಡಿಲಿಸಲೆಂದೇ ಕಾನೂನು ಬಲ್ಲವರು ಅದನ್ನು ಹಾಕಿರುತ್ತಾರೆ.

ಶೀರ್ಷಿಕೆಯಲ್ಲಿ ‘ಇತ್ಯಾದಿ’ ಬರಬಹುದೆ?

ಬರಬಹುದು. ಭಾರತ ಸಂವಿಧಾನದ 19ನೇ ವಿಧಿಯ ಇಂಗ್ಲಿಷ್ ಶೀರ್ಷಿಕೆಯೇ ವಾಕ್ ಸ್ವಾತಂತ್ರ್ಯವೊಂದನ್ನು ಹೆಸರಿಸಿ ‘ಇತ್ಯಾದಿ’ ಎಂಬರ್ಥದ ಪದದಿಂದ ಮುಗಿಯುತ್ತದೆ. ಪೂರ್ಣ ಪಟ್ಟಿ ಕೆಳಗೇ ಇರುವುದರಿಂದ ಓದುಗರಿಗೆ ನಷ್ಟವಿಲ್ಲ.

ಸುದ್ದಿಯಲ್ಲಿ ಹೆಸರುಗಳನ್ನು ಕಡಿಮೆ ಮಾಡಿ ‘ಮತ್ತಿತರರು ಉಪಸ್ಥಿತರಿದ್ದರು’ ಎನ್ನಬಹುದೆ?

ಸಭೆ ಸಮಾರಂಭಗಳ ವರದಿಯಲ್ಲಿ ಜಾಗದ ಕೊರತೆಯಿಂದ ಇದು ಅನಿವಾರ್ಯ, ಓದುಗರೂ ಅದನ್ನು ಒಪ್ಪಿದ್ದಾರೆ. ಆದರೆ ಹೆಸರುಗಳನ್ನು ಕತ್ತರಿಸಿದ ಉಪಸಂಪಾದಕರು ‘ಮತ್ತಿತರರು’ ಎಂಬುದನ್ನು ಸೇರಿಸಲು ಮರೆತಿದ್ದರೆ ವೇದಿಕೆಯಲ್ಲಿ ಇದ್ದವರು ಅಷ್ಟೇ ಜನ ಎಂದಾಗುತ್ತದೆ. ಯಾರ ಹೆಸರನ್ನೂ ಕತ್ತರಿಸದೆ ಅಭ್ಯಾಸಬಲದಿಂದ ಸೇರಿಸಿದ್ದರೆ ಇಲ್ಲದವರು ಹುಟ್ಟಿಕೊಳ್ಳುತ್ತಾರೆ. ಮೂಲ ಪ್ರತಿಯೊಂದಿಗೆ ಹೋಲಿಸದೆ ಈ ಎರಡೂ ಗೊತ್ತಾಗುವುದಿಲ್ಲ.

ಅಪಘಾತದಲ್ಲಿ ಸತ್ತವರು, ಬಂಧಿತರು, ಆಯ್ಕೆಯಾದ ಅಭ್ಯರ್ಥಿಗಳು: ಈ ಪಟ್ಟಿಗಳಲ್ಲಿ ‘ಮುಂತಾದವರು’ ಎಂಬ ಪದಕ್ಕೆ ಜಾಗವಿಲ್ಲ. ಸತ್ತವರಲ್ಲಿ ಇಬ್ಬರ ಗುರುತು ಮಾತ್ರ ಸಿಕ್ಕಿದ್ದರೆ ‘ಇಬ್ಬರ ಗುರುತು ಪತ್ತೆಯಾಗಿದೆ, ಉಳಿದ ಮೂವರ ಗುರುತು ಪತ್ತೆಯಾಗಬೇಕಿದೆ’ ಎಂದೇ ಬರೆಯಬೇಕು. ಒಬ್ಬ ಮನುಷ್ಯನ ಸಾವನ್ನು ‘ಮುಂತಾದವರು’ ಎಂಬುದರೊಳಗೆ ಸೇರಿಸುವುದನ್ನು ಯಾವ ಪುಟದ ಇಕ್ಕಟ್ಟೂ ಸಮರ್ಥಿಸುವುದಿಲ್ಲ.

ಸಂಖ್ಯೆಗಳ ಸಾಲಿಗೆ, ಅಲ್ಪವಿರಾಮಕ್ಕೆ, ಚುಕ್ಕಿಗಳಿಗೆ ನಿಯಮವೇನು?

‘2, 4 ಇತ್ಯಾದಿ’ ಎಂದರೆ ಮುಂದಿನದು 6 ಇರಬಹುದು, 8 ಕೂಡ ಇರಬಹುದು. ಮೂರನೆಯ ಸಂಖ್ಯೆಯನ್ನು ಕೊಡುವಂತೆ ಲೇಖಕರನ್ನು ಕೇಳಬೇಕು. ಸಾಲು ಚುಕ್ಕಿ ಹಾಕಿದ ಮೇಲೆ ‘ಇತ್ಯಾದಿ’ ಬೇಡ, ‘ಇತ್ಯಾದಿ’ ಎಂದ ಮೇಲೆ ಚುಕ್ಕಿಗಳು ಬೇಡ. ಕೊನೆಯ ಹೆಸರಿಗೂ ‘ಮುಂತಾದ’ ಎಂಬುದಕ್ಕೂ ನಡುವೆ ಅಲ್ಪವಿರಾಮ ಬೇಕಿಲ್ಲ, ಏಕೆಂದರೆ ‘ಮುಂತಾದ’ ಪಟ್ಟಿಯ ಇನ್ನೊಂದು ಹೆಸರಲ್ಲ. ಇಂಗ್ಲಿಷಿನಿಂದ ಬಂದ ಅನುವಾದಗಳಲ್ಲಿ ವಾಕ್ಯದ ನಡುವೆಯೇ ‘ಇತ್ಯಾದಿ.’ ಎಂದು ಚುಕ್ಕಿ ಉಳಿದಿರುತ್ತದೆ. ಅದು ಮೂಲದ ಸಂಕ್ಷೇಪ ಚಿಹ್ನೆ, ಕನ್ನಡದ ಪದ ಸಂಕ್ಷೇಪವಲ್ಲದ ಕಾರಣ ಅದನ್ನು ತೆಗೆಯಬೇಕು.

‘ಆದಿಯಾಗಿ’ ಎಂಬುದೂ ‘ಮುಂತಾದ’ ಎಂಬುದೂ ಒಂದೇ ಅಲ್ಲವೆ?

ಅಲ್ಲ. ‘ಮುಖ್ಯಮಂತ್ರಿ ಆದಿಯಾಗಿ ಎಲ್ಲ ಸಚಿವರೂ ಬಂದರು’ ಎಂದರೆ ಮುಖ್ಯಮಂತ್ರಿಯಿಂದ ಹಿಡಿದು ಒಬ್ಬರೂ ಬಿಡದಂತೆ ಬಂದರು ಎಂದರ್ಥ. ‘ಮುಖ್ಯಮಂತ್ರಿ ಮುಂತಾದವರು ಬಂದರು’ ಎಂಬಲ್ಲಿ ಯಾರು ಬರಲಿಲ್ಲವೆಂಬುದು ತೆರೆದೇ ಇದೆ. ಸಂಸ್ಕೃತ ವ್ಯಾಕರಣ ಓದಿದವರಿಗೆ ಈ ಭೇದ ಹೊಸದಲ್ಲ: ಪಾಣಿನಿಯ ‘ಸರ್ವಾದೀನಿ ಸರ್ವನಾಮಾನಿ’ ಎಂಬ ಸೂತ್ರದಲ್ಲಿ ‘ಆದಿ’ ಎಂಬುದು ‘ಸರ್ವ’ದಿಂದ ಆರಂಭವಾಗುವ, ಗಣಪಾಠದಲ್ಲಿ ಎಣಿಸಿಟ್ಟ ಪಟ್ಟಿಯನ್ನು ಹೇಳುತ್ತದೆ, ಆಕೃತಿಗಣವೆಂದು ಕರೆಯುವ ಬೇರೆ ಗಣಗಳಲ್ಲಿ ಪಟ್ಟಿ ಮುಗಿದಿಲ್ಲ, ಪ್ರಯೋಗವನ್ನು ನೋಡಿ ಸೇರಿಸಿಕೊಳ್ಳಬೇಕು. ಆದ್ದರಿಂದ ‘ಆದಿಯಾಗಿ’ ಹಳೆಯ ಶೈಲಿಯದೆಂದು ಭಾವಿಸಿ ‘ಮುಂತಾದ’ ಎಂದು ಬದಲಾಯಿಸಿದರೆ, ಎಲ್ಲರೂ ಬಂದ ಸಭೆಯಿಂದ ಕೆಲವರನ್ನು ಹೊರಗಿಟ್ಟಂತಾಗುತ್ತದೆ.

ಕಥೆ, ಸಂಭಾಷಣೆ, ಹಳೆಯ ಕಾಗದಪತ್ರಗಳಲ್ಲಿ ‘ವಗೈರೆ’, ‘ಇತ್ಯಾದಿ ಇತ್ಯಾದಿ’ ಬಂದರೆ?

ಮುಟ್ಟಬಾರದು. ‘ವಗೈರೆ’ ಕಚೇರಿಯ ಬರವಣಿಗೆಯಿಂದ ಜನರ ಮಾತಿಗೆ ಇಳಿದಿರುವ ಪದ, ಗುಮಾಸ್ತರ ಬಾಯಲ್ಲಿ ‘ಖರ್ಚು ವಗೈರೆ’ ಎಂಬುದು ಸಹಜವಾಗಿಯೇ ಬರುತ್ತದೆ. ಪಾತ್ರವೊಂದು ಬೇಸರದಿಂದ ‘ಸಾಲ, ಮದುವೆ, ಮನೆ, ಇತ್ಯಾದಿ ಇತ್ಯಾದಿ’ ಎಂದರೆ ಆ ಇಮ್ಮಡಿಯೇ ಬೇಸರದ ಧ್ವನಿ. ಹಳೆಯ ದಾಖಲೆಯನ್ನು ಉಲ್ಲೇಖ ಚಿಹ್ನೆಯೊಳಗೆ ಕೊಟ್ಟಿದ್ದರೆ ಅಲ್ಲಿನ ‘ಮತ್ತು ಇತ್ಯಾದಿ’ಯನ್ನೂ ಹಾಗೆಯೇ ಬಿಡಬೇಕು. ಆದರೆ ಲೇಖಕರು ಆ ದಾಖಲೆಯ ಪಟ್ಟಿಯನ್ನು ತಾವು ಮೊಟಕುಗೊಳಿಸಿ ಕೊನೆಯಲ್ಲಿ ತಮ್ಮದೇ ‘ಇತ್ಯಾದಿ’ ಸೇರಿಸಿದ್ದರೆ, ಅದನ್ನು ಉಲ್ಲೇಖ ಚಿಹ್ನೆಯ ಹೊರಗೆ ತರಬೇಕು. ಮೂಲ ದಾಖಲೆಯನ್ನು ತೆರೆದು ನೋಡಿದಾಗ ಮಾತ್ರ ಆ ‘ಇತ್ಯಾದಿ’ ಯಾರದೆಂದು ತಿಳಿಯುತ್ತದೆ.